ಆಲೆಮನೆಯ ಒಂದು ಪುಟ, ಮೂರು ಪ್ರಶ್ನೆ: ಫೀಚರ್ಡ್ ಸ್ನಿಪೆಟ್‌ಗೆ ಕನ್ನಡದಲ್ಲಿ ಬರೆಯುವ ಕ್ರಮ

ಗೂಗಲ್‌ನಲ್ಲಿ ಏನಾದರೂ ಪ್ರಶ್ನೆ ಹಾಕಿದಾಗ, ಕೆಲವೊಮ್ಮೆ ಎಲ್ಲ ಲಿಂಕ್‌ಗಳಿಗಿಂತ ಮೇಲೆ ಒಂದು ಚೌಕದಲ್ಲಿ ಉತ್ತರವೇ ಕಾಣುತ್ತದೆ. ಯಾವುದೋ ವೆಬ್‌ಪುಟದಿಂದ ಎತ್ತಿದ ನಾಲ್ಕು ಸಾಲು, ಅಥವಾ ಒಂದು ಪಟ್ಟಿ, ಅಥವಾ ಪುಟ್ಟ ಕೋಷ್ಟಕ. ಕೆಳಗೆ ಆ ಪುಟದ ಹೆಸರು ಮತ್ತು ಲಿಂಕ್. ಇದೇ ಫೀಚರ್ಡ್ ಸ್ನಿಪೆಟ್. 2014ರಿಂದ ಗೂಗಲ್ ಇದನ್ನು ತೋರಿಸುತ್ತಿದೆ.

ಈ ಚೌಕಕ್ಕೆ ಅರ್ಜಿ ಹಾಕುವ ದಾರಿ ಇಲ್ಲ. ‘ನನ್ನ ಪುಟದ ಈ ಭಾಗ ತಗೊಳ್ಳಿ’ ಎಂದು ಗುರುತು ಮಾಡುವ ಕೋಡ್ ಕೂಡ ಇಲ್ಲ. ಗೂಗಲ್ ತಾನೇ ಆರಿಸುತ್ತದೆ, ಬೇಡ ಅನಿಸಿದರೆ ಬದಲಿಸುತ್ತದೆ. ನಮ್ಮ ಕೈಯಲ್ಲಿರುವುದು ಒಂದೇ ಕೆಲಸ. ಪುಟದಿಂದ ಕತ್ತರಿಸಿ ಬೇರೆ ಕಡೆ ಇಟ್ಟರೂ ಪೂರ್ತಿ ಅರ್ಥ ಕೊಡುವ ತುಣುಕು ಬರೆಯುವುದು. ಈ ಲೇಖನದ ಎಲ್ಲ ಹಂತಗಳೂ ಆ ಒಂದು ಕೆಲಸದ ಬೇರೆ ಬೇರೆ ಭಾಗಗಳೇ.

ಉದಾಹರಣೆಗೆ ಮಂಡ್ಯ ಕಡೆಯ ಒಂದು ಆಲೆಮನೆಯ ವೆಬ್‌ಸೈಟ್ ತೆಗೆದುಕೊಳ್ಳೋಣ. ಬೆಲ್ಲ ಮಾರುತ್ತಾರೆ. ಸೈಟಿನಲ್ಲಿ ‘ನಮ್ಮ ಬೆಲ್ಲದ ಬಗ್ಗೆ’ ಎಂಬ ಉದ್ದನೆಯ ಪುಟ ಇದೆ. ತಾತನ ಕಾಲದ ಗಾಣ, ಕಾವೇರಿ ನೀರು, ಕಬ್ಬಿನ ತಳಿ, ಬೆಲ್ಲದ ರುಚಿ ಎಲ್ಲವೂ ಚೆನ್ನಾಗಿ ಬಂದಿದೆ. ಆದರೆ ಯಾವ ಪ್ರಶ್ನೆಗೂ ನೇರ ಉತ್ತರ ಇಲ್ಲ. ಇದೇ ಪುಟದಲ್ಲಿ ಮೂರು ಪ್ರಶ್ನೆಗೆ ಮೂರು ಬಗೆಯ ಉತ್ತರ ಬರೆಯೋಣ.

ಹಂತ 1: ಪ್ರಶ್ನೆ ಆರಿಸಿ, ಅದರ ಆಕಾರ ನೋಡಿ

ಮೊದಲು ಫೋನಿನಲ್ಲಿ ಇನ್‌ಕಾಗ್ನಿಟೊ ತೆರೆದು ‘ಜೋನಿ ಬೆಲ್ಲ’ ಎಂದು ಕನ್ನಡದಲ್ಲಿ ಟೈಪ್ ಮಾಡಿ, ಎಂಟರ್ ಒತ್ತದೆ ನಿಲ್ಲಿಸಿ. ಕೆಳಗೆ ಇಳಿಯುವ ಸಲಹೆಗಳು ಜನ ಹುಡುಕುವ ರೀತಿಯನ್ನು ತೋರಿಸುತ್ತವೆ. ಆಮೇಲೆ ಎಂಟರ್ ಒತ್ತಿ, ಫಲಿತಾಂಶಗಳ ನಡುವೆ ಬರುವ ಇತರ ಪ್ರಶ್ನೆಗಳನ್ನೂ ಬರೆದುಕೊಳ್ಳಿ. ಇದೇ ಹುಡುಕಾಟವನ್ನು ಇಂಗ್ಲಿಷ್ ಅಕ್ಷರದಲ್ಲಿ, `joni bella` ಎಂದೂ ಮಾಡಿ ನೋಡಿ. ನಮ್ಮಲ್ಲಿ ಎಷ್ಟೋ ಜನ ಹಾಗೇ ಟೈಪ್ ಮಾಡುತ್ತಾರೆ, ಅಲ್ವಾ? ಎರಡರ ಫಲಿತಾಂಶವೂ ಬೇರೆ ಬೇರೆ ಬರಬಹುದು.

ನಮ್ಮ ಆಲೆಮನೆಗೆ ನಾನು ಆರಿಸುವುದು ಈ ಮೂರು: ‘ಜೋನಿ ಬೆಲ್ಲ ಎಂದರೇನು’, ‘ಆಲೆಮನೆಯಲ್ಲಿ ಬೆಲ್ಲ ಹೇಗೆ ಮಾಡುತ್ತಾರೆ’, ‘ಜೋನಿ ಬೆಲ್ಲ, ಅಚ್ಚು ಬೆಲ್ಲ, ಪುಡಿ ಬೆಲ್ಲಕ್ಕೆ ಏನು ವ್ಯತ್ಯಾಸ’. ‘ಎಂದರೇನು’ ಎಂಬುದಕ್ಕೆ ಚಿಕ್ಕ ಪ್ಯಾರಾ ಹೊಂದುತ್ತದೆ. ‘ಹೇಗೆ ಮಾಡುತ್ತಾರೆ’ ಎಂಬುದಕ್ಕೆ ಸಂಖ್ಯೆ ಹಾಕಿದ ಹಂತಗಳು. ‘ವ್ಯತ್ಯಾಸ’ಕ್ಕೆ ಕೋಷ್ಟಕ. ಈಗಾಗಲೇ ಬೇರೆ ಯಾರದ್ದೋ ಸ್ನಿಪೆಟ್ ಅಲ್ಲಿ ಇದ್ದರೆ ಅದರ ಆಕಾರವನ್ನೇ ಅನುಸರಿಸಿ. ಗೂಗಲ್ ಆ ಪ್ರಶ್ನೆಗೆ ಪಟ್ಟಿ ತೋರಿಸುತ್ತಿದ್ದರೆ ನೀವು ಪ್ಯಾರಾ ಬರೆದು ಗೆಲ್ಲುವುದು ಕಷ್ಟ.

ಇನ್ನೊಂದು ಮಾತು. ಸ್ನಿಪೆಟ್‌ಗೆ ಎತ್ತುವುದು ಸಾಮಾನ್ಯವಾಗಿ ಆ ಪ್ರಶ್ನೆಗೆ ಮೊದಲ ಪುಟದಲ್ಲೇ ಇರುವ ಸೈಟ್‌ಗಳಿಂದ. ನಿಮ್ಮ ಪುಟ ಮೂರನೇ ಪುಟದಲ್ಲೋ ನಾಲ್ಕನೇ ಪುಟದಲ್ಲೋ ಇದ್ದರೆ ಉತ್ತರವನ್ನು ಎಷ್ಟು ಚೆನ್ನಾಗಿ ತಿದ್ದಿದರೂ ಚೌಕ ಸಿಗುವುದು ಅಪರೂಪ. ನಿಮ್ಮ ಸೈಟು ಹುಡುಕಾಟದಲ್ಲಿ ಎಲ್ಲಿ ಕಾಣುತ್ತಿದೆ ಎಂದು ತೋರಿಸುವ ಗೂಗಲ್‌ನ ಸಾಧನವಾದ ಸರ್ಚ್ ಕನ್ಸೋಲ್‌ನಲ್ಲಿ ಸರಾಸರಿ ಸ್ಥಾನ 10ರ ಒಳಗಿರುವ ಪ್ರಶ್ನೆಗಳಿಂದಲೇ ಶುರು ಮಾಡಿ.

ಹಂತ 2: ವ್ಯಾಖ್ಯೆ ಬರೆಯುವುದು

ಹೆಚ್ಚು ಕೈ ತಿದ್ದಬೇಕಾದ ಭಾಗ ಇದು. ಮೊದಲು ಸೈಟಿನಲ್ಲಿ ಇದ್ದ ಸಾಲುಗಳನ್ನು ನೋಡಿ:

> ನಮ್ಮ ಮಂಡ್ಯ ಜಿಲ್ಲೆ ಕಬ್ಬಿಗೆ ಹೆಸರುವಾಸಿ. ಇಲ್ಲಿನ ಆಲೆಮನೆಗಳಲ್ಲಿ ತಲೆತಲಾಂತರದಿಂದ ತಯಾರಾಗುತ್ತಾ ಬಂದಿರುವ, ರುಚಿಗೂ ಪರಿಮಳಕ್ಕೂ ಹೆಸರಾದ, ಮಕ್ಕಳಿಂದ ಮುದುಕರವರೆಗೆ ಎಲ್ಲರೂ ಇಷ್ಟಪಡುವ ಈ ವಿಶೇಷ ಉತ್ಪನ್ನವನ್ನು ನಾವು ಅತ್ಯಂತ ಶುದ್ಧವಾಗಿ ನಿಮಗೆ ತಲುಪಿಸುತ್ತೇವೆ.

ಓದಲು ತೊಂದರೆ ಇಲ್ಲ. ಆದರೆ ಇದನ್ನು ಕತ್ತರಿಸಿ ಬೇರೆ ಕಡೆ ಇಡಿ. ‘ಈ ವಿಶೇಷ ಉತ್ಪನ್ನ’ ಯಾವುದು? ಗೊತ್ತಾಗುವುದಿಲ್ಲ. ‘ಜೋನಿ ಬೆಲ್ಲ’ ಎಂಬ ಮಾತೇ ಇಲ್ಲ. ಜೊತೆಗೆ ಎರಡನೇ ವಾಕ್ಯ ಕ್ರಿಯಾಪದ ತಲುಪುವಷ್ಟರಲ್ಲಿ ಉಸಿರು ಕಟ್ಟುತ್ತದೆ. ಕನ್ನಡದಲ್ಲಿ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ. ಗೂಗಲ್ ಉದ್ದದ ವಾಕ್ಯವನ್ನು ನಡುವೆ ತುಂಡು ಮಾಡಿ ಚುಕ್ಕೆ ಹಾಕಿದರೆ ಓದುಗರಿಗೆ ಉಳಿಯುವುದು ಬರೀ ವಿಶೇಷಣಗಳು. ಅದಕ್ಕೇ ಸ್ನಿಪೆಟ್‌ಗೆ ಬರೆಯುವಾಗ ಕನ್ನಡದ ವಾಕ್ಯ ಇಂಗ್ಲಿಷಿಗಿಂತಲೂ ಚಿಕ್ಕದಾಗಿರಬೇಕು. ಪ್ರತಿ ವಾಕ್ಯವೂ ಬೇಗ ಮುಗಿಯಬೇಕು.

ತಿದ್ದಿದ ರೂಪ ಹೀಗೆ:

> ಜೋನಿ ಬೆಲ್ಲ ಎಂದರೇನು?
> ಜೋನಿ ಬೆಲ್ಲ ಎಂದರೆ ಕಬ್ಬಿನ ಹಾಲನ್ನು ಕಾಯಿಸಿ, ಪಾಕ ಗಟ್ಟಿಯಾಗುವ ಹದಕ್ಕೆ ಮೊದಲೇ ಇಳಿಸಿ ತೆಗೆದ ನೀರಾದ ಬೆಲ್ಲ. ಪಾಕವನ್ನು ಸುಮಾರು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಲೆಯಿಂದ ಇಳಿಸುತ್ತಾರೆ. ಇದು ಜೇನಿನಂತೆ ಮಂದವಾಗಿ ಹರಿಯುತ್ತದೆ. ದೋಸೆ, ರೊಟ್ಟಿಯ ಜೊತೆ ಹಾಗೇ ತಿನ್ನಬಹುದು.

ಇದರಲ್ಲಿ ಏನೇನು ಬದಲಾಯಿತು ನೋಡಿ. ಜನ ಹುಡುಕುವ ಪ್ರಶ್ನೆಯೇ ತಲೆಬರಹವಾಯಿತು. ತಲೆಬರಹದ ಕೆಳಗೆ ನಡುವೆ ಏನೂ ಇಲ್ಲದೆ ಉತ್ತರ ಬಂತು, ಸ್ವಾಗತದ ಮಾತಿಲ್ಲ, ಚಿತ್ರ ಇಲ್ಲ. ಮೊದಲ ವಾಕ್ಯ ‘ಜೋನಿ ಬೆಲ್ಲ ಎಂದರೆ’ ಎಂದೇ ಶುರುವಾಯಿತು. ಅದು ಯಾವ ಜಾತಿಯ ವಸ್ತು ಮತ್ತು ಅದೇ ಜಾತಿಯ ಬೇರೆಯವುಗಳಿಂದ ಹೇಗೆ ಬೇರೆ ಎಂಬ ಎರಡೂ ಸಂಗತಿ ಅದೇ ವಾಕ್ಯದಲ್ಲಿ ಮುಗಿದವು. ಬೆಲ್ಲ ಎಂಬುದು ಜಾತಿ, ಗಟ್ಟಿಯಾಗುವ ಮೊದಲೇ ಇಳಿಸುವುದು ವ್ಯತ್ಯಾಸ. ಒಳ್ಳೆಯ ವ್ಯಾಖ್ಯೆಗೆ ಇವೆರಡೂ ಬೇಕೇ ಬೇಕು. ‘ಜೋನಿ ಬೆಲ್ಲ ಒಂದು ರುಚಿಯಾದ ಸಿಹಿ’ ಎಂದರೆ ಅದು ಮೈಸೂರು ಪಾಕಿಗೂ ಒಪ್ಪುತ್ತದೆ.

ಉದ್ದದ ವಿಷಯಕ್ಕೆ ಬರೋಣ. ಇಂಗ್ಲಿಷಿನಲ್ಲಿ ಬರೆಯುವವರು 40ರಿಂದ 60 ಪದ ಎಂದು ಲೆಕ್ಕ ಹೇಳುತ್ತಾರೆ. ಅದನ್ನು ಕನ್ನಡಕ್ಕೆ ಹಾಗೇ ಹೊಂದಿಸಬೇಡಿ. ‘ಒಲೆಯಿಂದ’, ‘ಹದಕ್ಕೆ’ ಎಂಬಂಥ ನಮ್ಮ ಒಂದೊಂದು ಪದದಲ್ಲಿ ಇಂಗ್ಲಿಷಿನ ಎರಡು ಮೂರು ಪದ ಅಡಗಿರುತ್ತವೆ. ನನ್ನ ಅಂದಾಜಿನಲ್ಲಿ ಕನ್ನಡಕ್ಕೆ 25ರಿಂದ 35 ಪದ ಸರಿಯಾಗುತ್ತದೆ. ಇದು ಗೂಗಲ್ ಕೊಟ್ಟ ನಿಯಮವಲ್ಲ, ಅವರು ಇಷ್ಟೇ ಇರಬೇಕು ಎಂದು ಎಲ್ಲೂ ಹೇಳಿಲ್ಲ. ಫೋನಿನಲ್ಲಿ ನೋಡಿದಾಗ ಉತ್ತರ ಐದಾರು ಸಾಲಿನಲ್ಲಿ ಮುಗಿದರೆ ಸಾಕು.

ಬರೆದ ಮೇಲೆ ಒಂದು ಪರೀಕ್ಷೆ ಮಾಡಿ. ಆ ಪ್ಯಾರಾವನ್ನು ಮಾತ್ರ ಕಾಪಿ ಮಾಡಿ, ಬೆಲ್ಲದ ಬಗ್ಗೆ ಗೊತ್ತಿಲ್ಲದ ಸ್ನೇಹಿತರಿಗೆ ವಾಟ್ಸಾಪ್ ಮಾಡಿ. ‘ಯಾವುದರ ಬಗ್ಗೆ ಇದು?’ ಎಂದು ಅವರು ಕೇಳಿದರೆ ಪ್ಯಾರಾ ಇನ್ನೂ ಒಂಟಿಯಾಗಿ ನಿಲ್ಲುತ್ತಿಲ್ಲ. ‘ಇದು’, ‘ಮೇಲೆ ಹೇಳಿದಂತೆ’, ‘ನಮ್ಮಲ್ಲಿ’ ಎಂಬ ಮಾತುಗಳು ಮೊದಲ ವಾಕ್ಯದಲ್ಲಿ ಇದ್ದರೆ ತೆಗೆಯಿರಿ.

ಬೆಲ್ಲದ ಪುಟ ಬರೆಯುವಾಗ ಒಂದು ಆಸೆ ಬಂದೇ ಬರುತ್ತದೆ. ‘ಸಕ್ಕರೆ ಕಾಯಿಲೆಯವರೂ ಧೈರ್ಯವಾಗಿ ತಿನ್ನಬಹುದು’ ಎಂದು ಸೇರಿಸಿಬಿಡೋಣ ಅನಿಸುತ್ತದೆ. ದಯವಿಟ್ಟು ಬೇಡ. ಬೆಲ್ಲದಲ್ಲಿ ಇರುವುದೂ ಬಹುಪಾಲು ಸಕ್ಕರೆಯೇ. ಓದಿದವರ ಆರೋಗ್ಯ ಕೆಡಬಹುದು. ವೈದ್ಯರು ಒಪ್ಪಿದ ಮಾತಿಗೆ ವಿರುದ್ಧವಾದ ಆರೋಗ್ಯದ ಸಲಹೆಗಳನ್ನು ಗೂಗಲ್‌ನ ಸ್ನಿಪೆಟ್ ನಿಯಮವೂ ಒಪ್ಪುವುದಿಲ್ಲ.

ಹಂತ 3: ಹಂತಗಳ ಪಟ್ಟಿ

ಪಟ್ಟಿಗೆ ಬೇಕಾದ ವಿಷಯವನ್ನು ಕೆಲಸ ಮಾಡುವವರ ಬಾಯಿಂದಲೇ ಕೇಳಿ. ಆದರೆ ಅವರು ಹೇಳುವುದು ಹಂತದ ಹಾಗೆ ಇರುವುದಿಲ್ಲ. ಪಾಕದ ಹದ ನೋಡುವ ಹಿರಿಯರೊಬ್ಬರನ್ನು ಕೇಳಿದರೆ ಉತ್ತರ ಹೀಗಿರುತ್ತದೆ: ‘ಮಡ್ಡಿ ತೆಗೀತಾ ಇರ್ಬೇಕು ಸಾರ್, ಆಮೇಲೆ ನೊರೆ ಎದ್ದು ಬಣ್ಣ ತಿರುಗ್ತದೆ. ಒಂಚೂರು ಪಾಕ ತಣ್ಣೀರಿಗೆ ಬಿಟ್ಟು ನೋಡಿ, ಉಂಡೆ ಕಟ್ಟಿದ್ರೆ ಇಳಿಸ್ಬೋದು.’ ಒಂದೇ ಉಸಿರಿನಲ್ಲಿ ಎರಡು ಕೆಲಸ, ಒಂದು ಗುರುತು, ಒಂದು ಪರೀಕ್ಷೆ ಬಂತು. ನಾವು ಮಾಡಬೇಕಾದದ್ದು ಕೆಲಸಗಳನ್ನು ಪಟ್ಟಿಗೆ ಎತ್ತಿ, ಗುರುತು ಮತ್ತು ಪರೀಕ್ಷೆಯನ್ನು ವಿವರಣೆಗೆ ಬಿಡುವುದು.

```html
<h2>ಆಲೆಮನೆಯಲ್ಲಿ ಬೆಲ್ಲ ಹೇಗೆ ಮಾಡುತ್ತಾರೆ?</h2>
<ol>
  <li>ಕಬ್ಬನ್ನು ಗಾಣದಲ್ಲಿ ಅರೆದು ಹಾಲು ತೆಗೆಯುತ್ತಾರೆ.</li>
  <li>ಹಾಲನ್ನು ಸೋಸಿ ಕೊಪ್ಪರಿಗೆಗೆ ಬಿಡುತ್ತಾರೆ.</li>
  <li>ಕಾಯಿಸುತ್ತಾ ಸುಣ್ಣ, ಬೆಂಡೆ ಗಿಡದ ಲೋಳೆ ಹಾಕುತ್ತಾರೆ.</li>
  <li>ಮೇಲೆ ತೇಲುವ ಮಡ್ಡಿ ತೆಗೆಯುತ್ತಾರೆ.</li>
  <li>ಸುಮಾರು 117 ಡಿಗ್ರಿಯವರೆಗೆ ಪಾಕ ಕಾಯಿಸುತ್ತಾರೆ.</li>
  <li>ಪಾಕವನ್ನು ತೊಟ್ಟಿಗೆ ಸುರಿದು ತಿರುವುತ್ತಾರೆ.</li>
  <li>ಅಚ್ಚಿಗೆ ಹಾಕಿ ಗಟ್ಟಿಯಾಗಲು ಬಿಡುತ್ತಾರೆ.</li>
</ol>
```

ಒಂದು ಹಂತಕ್ಕೆ ಒಂದು ಕೆಲಸ, ಒಂದು ಸಾಲು. ಎಲ್ಲ ಸಾಲೂ ಒಂದೇ ರೀತಿ ಮುಗಿಯಬೇಕು. ಪ್ರಶ್ನೆ ‘ಹೇಗೆ ಮಾಡುತ್ತಾರೆ’ ಎಂದಿದೆ, ಹಾಗಾಗಿ ಇಲ್ಲಿ ‘ತೆಗೆಯುತ್ತಾರೆ, ಬಿಡುತ್ತಾರೆ’. ಪ್ರಶ್ನೆ ‘ಮನೆಯಲ್ಲಿ ಹೇಗೆ ಮಾಡುವುದು’ ಎಂದಿದ್ದರೆ ‘ಸೋಸಿ, ಕಾಯಿಸಿ’ ಎಂದು ಬರೆಯಬೇಕು. ಎರಡನ್ನೂ ಬೆರೆಸಿದರೆ ಓದುವವರಿಗೆ ಎಡವಿದಂತಾಗುತ್ತದೆ.

ಸುಣ್ಣ ಯಾಕೆ ಹಾಕುತ್ತಾರೆ, ಲೋಳೆಯಿಂದ ಕಸ ಹೇಗೆ ಮೇಲೆ ಬರುತ್ತದೆ, ತಣ್ಣೀರಿನಲ್ಲಿ ಹದ ಹೇಗೆ ನೋಡುತ್ತಾರೆ ಎಂಬುದೆಲ್ಲ ಬೇಡವೇ? ಖಂಡಿತ ಬೇಕು. ಪಟ್ಟಿ ಮುಗಿದ ಮೇಲೆ, ಅದರ ಕೆಳಗೆ ಒಂದೊಂದು ಹಂತಕ್ಕೂ ಒಂದು ಪ್ಯಾರಾದಂತೆ ಬರೆಯಿರಿ. ಸ್ನಿಪೆಟ್‌ನಲ್ಲಿ ಏಳು ಸಾಲು ನೋಡಿದವರು ‘ಹದ ಹೇಗೆ ಗೊತ್ತಾಗುತ್ತದೆ’ ಎಂದು ತಿಳಿಯಲು ಲಿಂಕ್ ಒತ್ತುತ್ತಾರೆ. ಬರೀ ಪಟ್ಟಿಯನ್ನೇ ಇಟ್ಟು ಸುಮ್ಮನಾದರೆ ಅವರಿಗೆ ಬರಲು ಕಾರಣವೇ ಇಲ್ಲ.

ಪಟ್ಟಿ ಉದ್ದವಾದರೆ ಗೂಗಲ್ ಕೆಲವು ಸಾಲು ತೋರಿಸಿ ಉಳಿದದ್ದನ್ನು ಮುಚ್ಚಿಡುತ್ತದೆ. ಅದಕ್ಕಾಗಿ ಸುಮ್ನೆ ಹಂತಗಳನ್ನು ಜಾಸ್ತಿ ಮಾಡುವವರೂ ಇದ್ದಾರೆ. ಏಳು ಹಂತದ ಕೆಲಸವನ್ನು ಹದಿನೈದಕ್ಕೆ ಹಿಗ್ಗಿಸುವುದು ಓದುಗರಿಗೆ ಮಾಡುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಕೆಲಸಕ್ಕೆ ಎಷ್ಟು ಹಂತವೋ ಅಷ್ಟೇ ಇರಲಿ.

ಒಂದು ತಾಂತ್ರಿಕ ವಿಷಯವನ್ನು ಮರೆಯಬೇಡಿ. ಸಂಖ್ಯೆಯನ್ನು ಕೈಯಲ್ಲಿ ‘1.’, ‘2.’ ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಅದು ಪಟ್ಟಿಯಂತೆ ಕಾಣುತ್ತದೆ, ಕೋಡ್‌ನಲ್ಲಿ ಪಟ್ಟಿ ಆಗಿರುವುದಿಲ್ಲ. ವರ್ಡ್‌ಪ್ರೆಸ್‌ನಲ್ಲಾದರೆ ಪಟ್ಟಿಯ ಬ್ಲಾಕ್ ಬಳಸಿ, ಅದರಲ್ಲಿ ಸಂಖ್ಯೆಯ ಪಟ್ಟಿಯನ್ನು ಆರಿಸಿ, ಅದು `<ol>` ಬರೆದುಕೊಡುತ್ತದೆ. ಹಂತಗಳಿಗಾಗಿಯೇ `HowTo` ಎಂಬ ಸ್ಟ್ರಕ್ಚರ್ಡ್ ಡೇಟಾ, ಅಂದರೆ ಪುಟದಲ್ಲಿ ಏನಿದೆ ಎಂದು ಗೂಗಲ್‌ಗೆ ತಿಳಿಸುವ ಕೋಡ್, ಹಾಕಿ ಎಂದು ಹಳೆಯ ಲೇಖನಗಳು ಹೇಳುತ್ತವೆ. ಅದರಿಂದ ಬರುತ್ತಿದ್ದ ವಿಶೇಷ ಫಲಿತಾಂಶವನ್ನು ಗೂಗಲ್ 2023ರಲ್ಲೇ ನಿಲ್ಲಿಸಿದೆ. ಫೀಚರ್ಡ್ ಸ್ನಿಪೆಟ್‌ಗೆ ಅದು ಆಗಲೂ ಬೇಕಿರಲಿಲ್ಲ.

ಹಂತ 4: ಕೋಷ್ಟಕ

ವ್ಯತ್ಯಾಸ ಹೇಳುವಾಗ ಕೋಷ್ಟಕದಷ್ಟು ಉಪಕಾರಿ ಬೇರೆ ಇಲ್ಲ. ಆದರೆ ಅದನ್ನು ತುಂಬಿಸಬಾರದು. ನಮ್ಮ ಪುಟಕ್ಕೆ ಇಷ್ಟು ಸಾಕು:

| ಬೆಲ್ಲ | ಪಾಕ ಇಳಿಸುವ ಬಿಸಿ (°C) | ರೂಪ |
|---|---|---|
| ಜೋನಿ ಬೆಲ್ಲ | ಸುಮಾರು 105 | ಮಂದ ದ್ರವ |
| ಅಚ್ಚು ಬೆಲ್ಲ | ಸುಮಾರು 117 | ಅಚ್ಚಿನಲ್ಲಿ ಗಟ್ಟಿ |
| ಪುಡಿ ಬೆಲ್ಲ | ಸುಮಾರು 121 | ಒಣ ಪುಡಿ |

ಮೊದಲ ಕಾಲಮ್‌ನಲ್ಲಿ ಹೋಲಿಸುವ ವಸ್ತು, ಎರಡನೆಯದರಲ್ಲಿ ನಿಜವಾದ ವ್ಯತ್ಯಾಸ. ಇಲ್ಲಿ ಬೆಲ್ಲಗಳನ್ನು ಬೇರೆ ಮಾಡುವುದು ಪಾಕದ ಬಿಸಿ. ಬಿಸಿ ಏರಿದಷ್ಟೂ ನೀರು ಕಮ್ಮಿಯಾಗಿ ಬೆಲ್ಲ ಗಟ್ಟಿಯಾಗುತ್ತದೆ. ಕೋಷ್ಟಕ ನೋಡಿದ ಕೂಡಲೇ ಅದು ಗೊತ್ತಾಗಬೇಕು. ಬೆಲೆ, ಫೋಟೊ, ‘ಈಗಲೇ ಕೊಳ್ಳಿ’ ಎಂಬ ಬಟನ್ ಎಲ್ಲವನ್ನೂ ಇದೇ ಕೋಷ್ಟಕಕ್ಕೆ ತುರುಕಿದರೆ ಅದು ಅಂಗಡಿಯ ಪಟ್ಟಿಯಾಗುತ್ತದೆ. ಮಾರಾಟದ ಕೋಷ್ಟಕವನ್ನು ಬೇರೆಯಾಗಿ ಕೆಳಗಿಡಿ.

ಚೌಕದಲ್ಲಿ ಜಾಗ ಕಮ್ಮಿ. ದೊಡ್ಡ ಕೋಷ್ಟಕವಾದರೆ ಗೂಗಲ್ ಕೆಲವು ಸಾಲು, ಕೆಲವು ಕಾಲಮ್ ಮಾತ್ರ ತೋರಿಸುತ್ತದೆ. ಹಾಗಾಗಿ ಮುಖ್ಯವಾದದ್ದು ಎಡಕ್ಕೆ ಮತ್ತು ಮೇಲಕ್ಕೆ ಇರಲಿ. ಒಂದು ಕೋಶದಲ್ಲಿ ಎರಡು ಮೂರು ಪದ ಸಾಕು, ವಾಕ್ಯ ಬೇಡ. ಅಳತೆಯ ಮಾನವನ್ನು ತಲೆಸಾಲಿನಲ್ಲಿ ಒಮ್ಮೆ ಹೇಳಿದರೆ ಆಯಿತು. ಎರಡು ಕೋಶಗಳನ್ನು ಸೇರಿಸಿ ಒಂದು ಮಾಡುವುದನ್ನು ಬಿಡಿ, ಯಾವ ಅಂಕಿ ಯಾವ ಸಾಲಿನದು ಎಂಬ ಗೊಂದಲ ಅಲ್ಲೇ ಹುಟ್ಟುವುದು. ಕೋಡ್‌ನಲ್ಲಿ ತಲೆಸಾಲಿಗೆ `<th>` ಇದೆಯೇ ನೋಡಿ:

```html
<table>
  <tr><th>ಬೆಲ್ಲ</th><th>ಪಾಕ ಇಳಿಸುವ ಬಿಸಿ (°C)</th><th>ರೂಪ</th></tr>
  <tr><td>ಜೋನಿ ಬೆಲ್ಲ</td><td>ಸುಮಾರು 105</td><td>ಮಂದ ದ್ರವ</td></tr>
</table>
```

ಕೋಷ್ಟಕವನ್ನು ಫೋಟೊ ಮಾಡಿ ಹಾಕುವ ಅಭ್ಯಾಸ ನಮ್ಮಲ್ಲಿ ತುಂಬ ಇದೆ. ವಾಟ್ಸಾಪ್‌ಗೆ ಮಾಡಿದ ಪೋಸ್ಟರನ್ನೇ ಸೈಟಿಗೂ ಹಾಕುತ್ತಾರೆ. ನೋಡಲು ಚೆಂದ, ಆದರೆ ಅದರಿಂದ ಕೋಷ್ಟಕದ ಸ್ನಿಪೆಟ್ ಬರುವುದಿಲ್ಲ.

ಹಂತ 5: ಅಕ್ಷರ ಯೂನಿಕೋಡ್‌ನಲ್ಲಿದೆಯೇ?

ಕನ್ನಡದಂಥ ಭಾರತೀಯ ಭಾಷೆಗಳ ಸೈಟ್‌ಗಳಿಗೆ ಬರುವ ತೊಂದರೆ ಇದು, ಹಾಗಾಗಿ ಸ್ವಲ್ಪ ನಿಂತು ನೋಡೋಣ. ಮೈಸೂರು, ಮಂಡ್ಯದ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಇವತ್ತಿಗೂ ಕರಪತ್ರಗಳನ್ನು ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಟೈಪ್ ಮಾಡುತ್ತಾರೆ. ಅಚ್ಚಿಗೆ ಅದು ಸರಿ. ಆದರೆ ಆ ಕಡತದಿಂದ ಕಾಪಿ ಮಾಡಿ ವೆಬ್‌ಪುಟಕ್ಕೆ ಹಾಕಿದರೆ ‘ಕನ್ನಡ’ ಎಂಬುದು ಗೂಗಲ್‌ಗೆ ಹೀಗೆ ಕಾಣುತ್ತದೆ:

```
PÀ£ÀßqÀ
```

ಪುಟಕ್ಕೆ ಅದೇ ಫಾಂಟ್ ಜೋಡಿಸಿದ್ದರೆ ಓದುವವರ ಕಣ್ಣಿಗೆ ಕನ್ನಡವೇ ಕಾಣುತ್ತದೆ, ಅದಕ್ಕೇ ಸಮಸ್ಯೆ ಯಾರ ಗಮನಕ್ಕೂ ಬರುವುದಿಲ್ಲ. ಪತ್ತೆ ಮಾಡುವುದು ಸುಲಭ. ಪುಟದಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ಗೆ ಅಂಟಿಸಿ. ಕನ್ನಡವಾಗಿ ಬಂದರೆ ಯೂನಿಕೋಡ್. ಮೇಲಿನಂತೆ ವಿಚಿತ್ರ ಅಕ್ಷರ ಬಂದರೆ ಇಡೀ ಪಠ್ಯವನ್ನು ಆಸ್ಕಿಯಿಂದ ಯೂನಿಕೋಡ್‌ಗೆ ಪರಿವರ್ತಿಸಬೇಕು. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವೊತ್ತು ಇರುವ ಪದಗಳನ್ನು ಕಣ್ಣಾರೆ ಓದಿ ತಿದ್ದಿ. ಹೆಚ್ಚು ಕೆಡುವುದು ಅವೇ.

ಹಂತ 6: ಬಾಗಿಲು ಮುಚ್ಚಿಲ್ಲ ತಾನೆ?

ಪುಟದ ಸೋರ್ಸ್ ತೆರೆದು `robots` ಎಂದು ಹುಡುಕಿ. ಈ ಕೆಳಗಿನಂಥ ಸಾಲು ಇದ್ದರೆ ಸ್ನಿಪೆಟ್ ಬರಲು ಸಾಧ್ಯವೇ ಇಲ್ಲ:

```html
<meta name="robots" content="nosnippet">
```

`max-snippet` ಜೊತೆ ಚಿಕ್ಕ ಸಂಖ್ಯೆ ಇದ್ದರೂ ತೊಂದರೆಯೇ, ಅಷ್ಟು ಅಕ್ಷರದೊಳಗೆ ಉತ್ತರ ಹಿಡಿಸುವುದಿಲ್ಲ. `max-snippet:-1` ಎಂದಿದ್ದರೆ ಮಿತಿ ಇಲ್ಲ ಎಂದರ್ಥ, ಯೋಚನೆ ಬೇಡ. ಸೈಟಿನ ಯಾವುದಾದರೂ ಒಂದು ಭಾಗ ಮಾತ್ರ ಚೌಕದಲ್ಲಿ ಬರಬಾರದು ಎನಿಸಿದರೆ, ಉದಾಹರಣೆಗೆ ದಿನವೂ ಬದಲಾಗುವ ಬೆಲ್ಲದ ದರ, ಆ ಭಾಗಕ್ಕೆ `data-nosnippet` ಹಾಕಬಹುದು. ಹಳೆಯ ದರ ನೋಡಿಕೊಂಡು ಫೋನ್ ಮಾಡುವವರ ಜೊತೆ ವಾದ ತಪ್ಪುತ್ತದೆ.

ಹಂತ 7: ಪ್ರಕಟಿಸಿ, ಕಾಯಿರಿ, ಅಳೆಯಿರಿ

ಪುಟ ಬದಲಿಸಿದ ಮೇಲೆ ಸರ್ಚ್ ಕನ್ಸೋಲ್‌ನಲ್ಲಿ ಆ ವಿಳಾಸ ಹಾಕಿ ಮತ್ತೆ ಇಂಡೆಕ್ಸ್ ಮಾಡಲು ಕೇಳಿ. ಫಲಿತಾಂಶ ಮರುದಿನವೇ ಕಾಣಬೇಕೆಂದಿಲ್ಲ. 28 ದಿನ ಬಿಟ್ಟು, ಬದಲಿಸುವ ಮುಂಚಿನ 28 ದಿನಗಳ ಜೊತೆ ಹೋಲಿಸಿ. ಇಡೀ ಸೈಟಿನ ಲೆಕ್ಕ ಬೇಡ, ಈ ಒಂದು ಪುಟ, ಆ ಮೂರು ಪ್ರಶ್ನೆಗಳ ಲೆಕ್ಕ ಸಾಕು.

ಸರ್ಚ್ ಕನ್ಸೋಲ್‌ನಲ್ಲಿ ‘ಫೀಚರ್ಡ್ ಸ್ನಿಪೆಟ್’ ಎಂಬ ಪ್ರತ್ಯೇಕ ವಿಂಗಡಣೆ ಇಲ್ಲ. ಒಂದು ಪ್ರಶ್ನೆಗೆ ಸ್ಥಾನ ಐದಾರರಿಂದ ಇದ್ದಕ್ಕಿದ್ದಂತೆ ಒಂದರ ಹತ್ತಿರ ಬಂದರೆ ಅನುಮಾನಿಸಿ, ಆಮೇಲೆ ಇನ್‌ಕಾಗ್ನಿಟೊದಲ್ಲಿ ಹುಡುಕಿ ಕಣ್ಣಿನಿಂದಲೇ ಖಚಿತ ಮಾಡಿಕೊಳ್ಳಿ. 2020ರ ಜನವರಿಗೆ ಮೊದಲು ಚೌಕದಲ್ಲಿರುವ ಪುಟ ಕೆಳಗಿನ ಪಟ್ಟಿಯಲ್ಲೂ ಇನ್ನೊಮ್ಮೆ ಬರುತ್ತಿತ್ತು. ಈಗ ಹಾಗಿಲ್ಲ. ಚೌಕ ಸಿಕ್ಕರೆ ಮೊದಲ ಪುಟದಲ್ಲಿ ಅದೇ ನಿಮ್ಮ ಜಾಗ.

ಸ್ಥಾನ ಏರಿ ಕ್ಲಿಕ್ ಇಳಿಯುವುದೂ ಉಂಟು. ‘ಜೋನಿ ಬೆಲ್ಲ ಎಂದರೇನು’ ಎಂಬಂಥ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು, ಮತ್ತೆ ಯಾಕೆ ಒತ್ತಬೇಕು? ಅಂಥ ಪ್ರಶ್ನೆಯಿಂದ ಬರುವ ಲಾಭ ಹೆಸರಿನ ಪರಿಚಯ ಮಾತ್ರ. ಬೆಲ್ಲ ಕೊಳ್ಳಲು ಬರುವವರು ಹಂತಗಳ ಮತ್ತು ವ್ಯತ್ಯಾಸದ ಪ್ರಶ್ನೆಯಿಂದ ಬರುವ ಸಾಧ್ಯತೆ ಜಾಸ್ತಿ. ಹಾಗಾಗಿ ಸಮಯ ಕಮ್ಮಿ ಇದ್ದರೆ ಕೋಷ್ಟಕದಿಂದಲೇ ಶುರು ಮಾಡಿ.

ಒತ್ತಿದವರು ಬಂದಿಳಿಯುವ ಜಾಗವನ್ನೂ ಗಮನಿಸಿ. ಸ್ನಿಪೆಟ್ ಒತ್ತಿದಾಗ ಬ್ರೌಸರ್ ಅನೇಕ ಸಲ ನೇರವಾಗಿ ಆ ತುಣುಕಿಗೇ ಕರೆದೊಯ್ದು ಬಣ್ಣ ಹಚ್ಚಿ ತೋರಿಸುತ್ತದೆ. ಅಂದರೆ ಪುಟದ ಮೇಲ್ಭಾಗದಲ್ಲಿ ಕಷ್ಟಪಟ್ಟು ಬರೆದ ಪರಿಚಯ, ದೊಡ್ಡ ಚಿತ್ರ, ಫೋನ್ ನಂಬರ್ ಯಾವುದೂ ಅವರ ಕಣ್ಣಿಗೆ ಬೀಳುವುದಿಲ್ಲ. ಕೋಷ್ಟಕದ ಕೆಳಗೇ ‘ಜೋನಿ ಬೆಲ್ಲ ತರಿಸಿಕೊಳ್ಳಲು’ ಎಂಬ ಒಂದು ಲಿಂಕ್ ಇಡಿ. ತಾತನ ಗಾಣದ ಕಥೆ ಅದರ ಕೆಳಗೆ ಬರಲಿ. ಆಸಕ್ತಿ ಇದ್ದವರು ಓದೇ ಓದುತ್ತಾರೆ.

ಸಿಕ್ಕ ಚೌಕ ಕೈತಪ್ಪಿದರೆ ಗಾಬರಿಯಾಗಿ ಇಡೀ ಪುಟ ತಿದ್ದಬೇಡಿ. ಮೊದಲು ಚೌಕವೇ ಮಾಯವಾಗಿದೆಯೇ ಅಥವಾ ಬೇರೆಯವರಿಗೆ ಹೋಗಿದೆಯೇ ನೋಡಿ. ಚೌಕವೇ ಇಲ್ಲದಿದ್ದರೆ ಆ ಪ್ರಶ್ನೆಗೆ ಗೂಗಲ್ ತೋರಿಸುವುದನ್ನು ನಿಲ್ಲಿಸಿದೆ ಎಂದರ್ಥ, ನೀವು ಮಾಡುವುದು ಏನೂ ಇಲ್ಲ. ಬೇರೆಯವರಿಗೆ ಹೋಗಿದ್ದರೆ ಅವರ ತುಣುಕನ್ನೂ ನಿಮ್ಮದನ್ನೂ ಪಕ್ಕಪಕ್ಕ ಇಟ್ಟು ಓದಿ. ಅವರು ಹೇಳಿ ನೀವು ಬಿಟ್ಟ ಸಂಗತಿ ಏನಾದರೂ ಇದೆಯೇ, ಅವರ ಮೊದಲ ವಾಕ್ಯ ಇನ್ನೂ ನೇರವಾಗಿದೆಯೇ, ಅವರದು ಪಟ್ಟಿ, ನಿಮ್ಮದು ಪ್ಯಾರಾ ಆಗಿದೆಯೇ? ವ್ಯತ್ಯಾಸ ಕಂಡ ಆ ಒಂದು ತುಣುಕನ್ನು ಮಾತ್ರ ತಿದ್ದಿ, ಉಳಿದ ಪುಟವನ್ನು ಮುಟ್ಟದೆ ಮತ್ತೆ 28 ದಿನ ಬಿಡಿ.